ಉಳಿತಾಯದ ಲೆಕ್ಕದಲ್ಲಿ ನಮ್ಮ ಕೇರಿಯ ಕತ್ತಲೂ ಸೇರಿತ್ತು



ಸ್ವಲ್ಪ ಉದ್ದ ಬರೀತಿದೀನಿ, ಬೇಜಾರು ಮಾಡ್ಕೋಬೇಡಿ. ಕಮಲಾಪುರದಿಂದ ಬೈಕಲ್ಲಿ ಹೋದರೆ ಅರ್ಧ ತಾಸಿನೊಳಗೆ ಸಿಗುವ ಒಂದು ಊರಿನ ಕಥೆ ಇದು. ಊರಿನ ಹೆಸರು ಬೇಡ. ಹೊಸಪೇಟೆ, ಕಂಪ್ಲಿ, ಸಂಡೂರು ಯಾವ ಕಡೆ ಹೋದರೂ ಇಂಥದ್ದೇ ಊರು ಸಿಗುತ್ತೆ.

ಆ ಊರಿನ ಇಬ್ಬರು ಹುಡುಗರು ಒಂದು ಭಾನುವಾರ ಮನೆಗೆ ಬಂದರು. ಕೈಯಲ್ಲಿ ನಾಲ್ಕು ಪುಟದ ಜೆರಾಕ್ಸ್. "ಅಣ್ಣ, ಊರಿನ ಲೈಟೆಲ್ಲ ಎಲ್‌ಇಡಿ ಮಾಡ್ತಾರಂತೆ, ಟೈಮರ್ ಹಾಕ್ತಾರಂತೆ. ಕರೆಂಟು ಬಿಲ್ಲು ನೂರಕ್ಕೆ ಎಂಬತ್ತು ಉಳಿತಾಯ ಅಂತ ಬರ್ದಾರ. ನೀವು ಆಫೀಸಲ್ಲಿ ಲೆಕ್ಕ ಬರೆಯೋರು, ಸ್ವಲ್ಪ ನೋಡ್ರಿ" ಅಂದರು. ನಾನು ಓದಿದ್ದು ಬಿಎ. ಇಂಜಿನಿಯರ್ ಅಲ್ಲ. ಆದರೆ ಬೀದಿ ದೀಪದ ಲೆಕ್ಕಕ್ಕೆ ಇಂಜಿನಿಯರೇ ಆಗಬೇಕು ಅಂತೇನಿಲ್ಲ. ಗುಣಾಕಾರ ಬಂದರೆ ಸಾಕು, ಜೊತೆಗೆ ರಾತ್ರಿ ಒಂದು ಸುತ್ತು ನಡೆಯೋ ತಾಳ್ಮೆ ಬೇಕು.

ಲೆಕ್ಕ ಇರೋದು ಇಷ್ಟೇ. ದೀಪ ಎಷ್ಟು, ಒಂದೊಂದು ಎಷ್ಟು ವಾಟ್ ಎಳೆಯುತ್ತೆ, ದಿನಕ್ಕೆ ಎಷ್ಟು ತಾಸು ಉರಿಯುತ್ತೆ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಒಂದು ದಿನದ ಯೂನಿಟ್. ಜೆರಾಕ್ಸಿನಲ್ಲಿ ಹೀಗಿತ್ತು: ಮೇನ್ ರೋಡು, ಬಸ್‌ಸ್ಟ್ಯಾಂಡು, ಗುಡಿ ಮುಂದೆ 150 ವಾಟಿನ ಸೋಡಿಯಂ ದೀಪ 20. ಬಾಕಿ ಓಣಿಗಳಲ್ಲಿ, ಕೇರಿಯಲ್ಲಿ 40 ವಾಟಿನ ಟ್ಯೂಬ್‌ಲೈಟ್ 60. ಒಟ್ಟು 80 ದೀಪ, ದಿನಕ್ಕೆ 12 ತಾಸು.

ಇಲ್ಲಿ ಒಂದು ವಿಷಯ ಅವರು ಸರಿಯಾಗೇ ಹಿಡಿದಿದ್ದರು. ದೀಪದ ಮೇಲೆ ಬರೆದ ವಾಟು ಬೇರೆ, ಅದು ನಿಜವಾಗಿ ಎಳೆಯೋ ವಾಟು ಬೇರೆ. ಹಳೇ ದೀಪಕ್ಕೆ ಚೋಕ್ ಇರುತ್ತೆ, ಅದೂ ಕರೆಂಟು ತಿನ್ನುತ್ತೆ. 150ರ ಸೋಡಿಯಂ ಚೋಕ್ ಸೇರಿ ಸುಮಾರು 170 ವಾಟ್ ಆಗುತ್ತೆ. 40ರ ಟ್ಯೂಬು ಹಳೇ ತಾಮ್ರದ ಚೋಕ್ ಜೊತೆ 52ರ ಹತ್ತಿರ. ಹಂಗಾಗಿ 20 ಸೋಡಿಯಂಗೆ 3,400 ವಾಟ್, 60 ಟ್ಯೂಬಿಗೆ 3,120 ವಾಟ್. ಒಟ್ಟು 6,520, ಅಂದರೆ ಆರೂವರೆ ಕಿಲೋವಾಟ್. 12 ತಾಸಿಗೆ ರಾತ್ರಿಗೆ 78 ಯೂನಿಟ್, ತಿಂಗಳಿಗೆ 2,347 ಯೂನಿಟ್. ಇದು ಕಾಗದದ ಲೆಕ್ಕ.

ಹುಡುಗರ ಹತ್ರ ಹಿಂದಿನ ಮೂರು ತಿಂಗಳ ಬಿಲ್ಲೂ ಇತ್ತು, ಮಾಹಿತಿ ಹಕ್ಕಲ್ಲಿ ತೆಗೆಸಿದ್ದರು. ಸರಾಸರಿ 2,140 ಯೂನಿಟ್. ಕಾಗದ 2,347 ಅನ್ನುತ್ತೆ, ಮೀಟರು 2,140 ಅನ್ನುತ್ತೆ. ನೂರಕ್ಕೆ ಒಂಬತ್ತರಷ್ಟು ವ್ಯತ್ಯಾಸ. ಯಾರೇ ನೋಡಿದರೂ "ಸರಿ ಐತೆ ಬಿಡ್ರಿ, ಹೊಂದ್ತದೆ" ಅಂತ ಸಹಿ ಹಾಕುತ್ತಾರೆ. ನಾನೂ ಮೊದಲು ಹಂಗೇ ಅಂದೆ.

ಆಗ ಒಬ್ಬ ಹುಡುಗ ಕೇಳಿದ, "ಅಣ್ಣ, ನಮ್ಮ ಕೇರಿಯಾಗ ಅರ್ಧ ಲೈಟ್ ಉರಿಯೋದೇ ಇಲ್ಲ. ಮತ್ತೆ ಬಿಲ್ಲು ಹೆಂಗ ಹೊಂದಿತು?"

ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಮುಂದಿನ ಶನಿವಾರ ಸಂಜೆ ಆ ಊರಿಗೆ ಹೋದೆ.

ಏಳೂವರೆಗೆ ಟಾರ್ಚು, ನೋಟ್‌ಬುಕ್ಕು ಹಿಡಿದು ಕಂಬ ಕಂಬಕ್ಕೂ ನಡೆದ್ವಿ. ಸೋಡಿಯಂ 20ರಲ್ಲಿ 18 ಉರೀತಿದ್ದವು. ಟ್ಯೂಬ್ 60ರಲ್ಲಿ ಉರಿದದ್ದು 38. ಸತ್ತ 22 ಟ್ಯೂಬಲ್ಲಿ 17 ನಮ್ಮ ಕೇರಿಯವೇ. ಮೇನ್ ರೋಡಿನ ದೀಪ ಕೆಟ್ಟರೆ ವಾರದೊಳಗೆ ಏಣಿ ಬರುತ್ತೆ, ಕೇರಿದು ಕೆಟ್ಟರೆ ಜಾತ್ರೆಗೋ ಇಲೆಕ್ಷನ್‌ಗೋ ಕಾಯಬೇಕು. ಇದು ನಿಮಗೇನು ಹೊಸದಲ್ಲ. ಆದರೆ ಅವತ್ತು ಮೊದಲ ಸಲ ಅದು ನನ್ನ ನೋಟ್‌ಬುಕ್ಕಿನಲ್ಲಿ ಅಂಕಿಯಾಗಿ ಕೂತಿತ್ತು.

ಉರಿಯೋ ದೀಪಗಳ ಲೆಕ್ಕ ಹಾಕಿದೆ. 18 ಸೋಡಿಯಂಗೆ 3,060 ವಾಟ್, 38 ಟ್ಯೂಬಿಗೆ 1,976 ವಾಟ್. ಒಟ್ಟು 5,036. ಇದು ಸರಿನಾ ಅಂತ ನೋಡೋಕೆ ಸುಲಭದ ಉಪಾಯ ಇದೆ. ಬೀದಿ ದೀಪದ ಮೀಟರ್ ಡಬ್ಬಿ ಹತ್ರ ಹೋಗಿ, ದೀಪ ಪೂರ್ತಿ ಬೆಳಗಿದ ಮೇಲೆ ರೀಡಿಂಗ್ ಬರ್ಕೊಳ್ಳಿ. ಸೋಡಿಯಂ ದೀಪ ಪೂರಾ ಉರಿಯೋಕೆ ಕೆಲವು ನಿಮಿಷ ಬೇಕು, ಅದಕ್ಕೇ ಹಚ್ಚಿದ ತಕ್ಷಣ ಬರ್ಕೋಬಾರದು. ಸರಿಯಾಗಿ ಒಂದು ತಾಸು ಬಿಟ್ಟು ಮತ್ತೆ ಬರ್ಕೊಳ್ಳಿ. ಎರಡರ ನಡುವಿನ ಯೂನಿಟ್ಟೇ ಆ ಕ್ಷಣದ ಲೋಡು, ಕಿಲೋವಾಟಲ್ಲಿ. ನಮಗೆ ಸಿಕ್ಕಿದ್ದು 5.1. ನಮ್ಮ ಲೆಕ್ಕ 5.04. ಅಂದರೆ ಕಂಬ ಎಣಿಸಿದ್ದು ಸರಿಯಾಗೇ ಇತ್ತು.

ಹಂಗಾದರೆ ಐದು ಕಿಲೋವಾಟ್ ಲೋಡು 12 ತಾಸು ಉರಿದರೆ ತಿಂಗಳಿಗೆ 1,813 ಯೂನಿಟ್ ಆಗಬೇಕು. ಬಿಲ್ಲಲ್ಲಿ 2,140 ಹೆಂಗೆ ಬಂತು?

ರಾತ್ರಿ ಅಲ್ಲೇ ಉಳಿದೆ. ಸಂಜೆ ಆರಕ್ಕೆ ಸ್ವಿಚ್ ಹಾಕೋದು ವಾಟರ್‌ಮ್ಯಾನ್. ಬೆಳಿಗ್ಗೆ ಆರಿಸೋದೂ ಅವರೇ. ಆದರೆ ಅವರು ಮೊದಲು ಮೂರು ಮೋಟ್ರು ಚಾಲು ಮಾಡಬೇಕು, ವಾಲ್ವು ತಿರುವಬೇಕು, ಆಮೇಲೆ ದೀಪದ ಡಬ್ಬಿಗೆ ಬರಬೇಕು. ಬರೋ ಹೊತ್ತಿಗೆ ಎಂಟಾಗಿತ್ತು. ಬಿಸಿಲು ಬಿದ್ದ ಬೀದಿಯಲ್ಲಿ ಸೋಡಿಯಂ ದೀಪಗಳು ಹಳದಿಗೆ ಉರೀತಾನೇ ಇದ್ದವು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಬ್ಬ ಮನುಷ್ಯನಿಗೆ ಮೂರು ಜನರ ಕೆಲಸ ಕೊಟ್ಟು ಇರೋ ಕೂಲಿ ಎಷ್ಟು ಅಂತ ನಮಗೆಲ್ಲ ಗೊತ್ತು.

ಆರರಿಂದ ಎಂಟು, 14 ತಾಸು. 5.036ನ್ನು 14ರಿಂದ, ಆಮೇಲೆ 30ರಿಂದ ಗುಣಿಸಿದರೆ 2,115 ಯೂನಿಟ್. ಬಿಲ್ಲು 2,140. ಹೊಂದಿತು.

ಈಗ ನೋಡ್ರಿ ಗುಟ್ಟು. ಕಾಗದದ ಲೆಕ್ಕ ಎರಡು ಕಡೆ ತಪ್ಪು. ದೀಪ 80 ಅಂತ ಬರೆದಿದ್ದಾರೆ, ಉರಿಯೋದು 56. ತಾಸು 12 ಅಂತ ಬರೆದಿದ್ದಾರೆ, ಉರಿಯೋದು 14. ಒಂದು ತಪ್ಪು ಲೆಕ್ಕವನ್ನು ಮೇಲಕ್ಕೆ ಎಳೆಯುತ್ತೆ, ಇನ್ನೊಂದು ಕೆಳಕ್ಕೆ. ಎರಡೂ ಸೇರಿ ಒಂದನ್ನೊಂದು ಮುಚ್ಚಿಬಿಟ್ಟವು. ಬಿಲ್ಲು ಹೊಂದಿತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಮೇನ್ ರೋಡಲ್ಲಿ ಹಗಲು ಉರಿದ ಕರೆಂಟು, ಕೇರಿಯಲ್ಲಿ ರಾತ್ರಿ ಉರಿಯದ ಕರೆಂಟಿನ ಜಾಗ ತುಂಬಿತ್ತು. ಕತ್ತಲು ನಮಗೆ, ಬೆಳಕಿನ ಮೇಲೆ ಬೆಳಕು ಅವರಿಗೆ, ಬಿಲ್ಲು ಮಾತ್ರ ಎಲ್ಲರ ತೆರಿಗೆಯದು.

ಇನ್ನು ಎಲ್‌ಇಡಿ ಕಡೆ ಬರೋಣ. 150ರ ಸೋಡಿಯಂ ಜಾಗಕ್ಕೆ 70 ವಾಟ್, 40ರ ಟ್ಯೂಬ್ ಜಾಗಕ್ಕೆ 20 ವಾಟ್ ಅಂತ ಬರೆದಿದ್ದರು. ಇದು ಚಾಲ್ತಿಯಲ್ಲಿರೋ ಅಳತೆಯೇ. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಬೀದಿ ದೀಪಗಳನ್ನು ಎಲ್‌ಇಡಿ ಮಾಡೋ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿದ ಮೇಲೆ ದೇಶದ ತುಂಬ ಇಂಥ ಬದಲಾವಣೆ ನಡೆದಿದೆ, ಹಾಗಾಗಿ ಇದರಲ್ಲಿ ಮಾಯಾ ಮಂತ್ರ ಏನಿಲ್ಲ. 20 ದೀಪಕ್ಕೆ 1,400 ವಾಟ್, 60ಕ್ಕೆ 1,200 ವಾಟ್. ಒಟ್ಟು 2,600. ಆರೂವರೆ ಕಿಲೋವಾಟ್ ಇದ್ದದ್ದು ಎರಡೂವರೆ ಚಿಲ್ಲರೆಗೆ ಇಳಿಯುತ್ತೆ. ಅಂದರೆ ನೂರಕ್ಕೆ ಅರವತ್ತು ಉಳಿತಾಯ ಅಂತ ಅವರು ಬರೆದದ್ದು ನಿಜ.

ಟೈಮರ್ ವಿಷಯದಲ್ಲಿ ಎಡವಿದ್ದರು. "ಎಲ್‌ಇಡಿಯಿಂದ ಶೇ. 60, ಟೈಮರ್‌ನಿಂದ ಶೇ. 20, ಒಟ್ಟು ಶೇ. 80." ಹಿಂಗೆ ಕೂಡಿಸೋಕೆ ಬರಲ್ಲ. ಅರವತ್ತು ಹೋದ ಮೇಲೆ ಉಳಿಯೋದು ನಲವತ್ತು. ಟೈಮರ್ ಉಳಿಸೋದು ಆ ನಲವತ್ತರಲ್ಲಿ, ನೂರರಲ್ಲಿ ಅಲ್ಲ. ನಲವತ್ತರ ಶೇ. 20 ಅಂದರೆ ಎಂಟು. ಅವರದೇ ಅಂಕಿ ಇಟ್ಟುಕೊಂಡರೂ ಶೇ. 68 ಆಗಬೇಕು. ಅದರ ಮೇಲೆ, ದಿನಕ್ಕೆ 12 ತಾಸು ಮಾತ್ರ ಉರಿಯುತ್ತೆ ಅಂತ ಮೊದಲೇ ಬರೆದುಬಿಟ್ಟ ಮೇಲೆ ಟೈಮರ್ ಯಾವ ತಾಸನ್ನು ಉಳಿಸುತ್ತೆ? ಹಗಲು ಉರಿಯೋದನ್ನ ಒಪ್ಪಿಕೊಂಡರೆ ಮಾತ್ರ ಟೈಮರ್‌ಗೆ ಕೆಲಸ ಇದೆ. ಅದನ್ನ ಒಪ್ಪಿಕೊಳ್ಳದೆ ಅದರ ಉಳಿತಾಯ ಮಾತ್ರ ಬರ್ಕೊಂಡಿದ್ದರು.

ಟೈಮರ್ ನಿಜವಾಗಿ ಎಷ್ಟು ತಾಸು ಉರಿಸುತ್ತೆ? ನಮ್ಮ ಕಡೆ ಡಿಸೆಂಬರ್ ಕೊನೆಗೆ ಸೂರ್ಯ ಆರಕ್ಕೆ ಮುಳುಗಿ ಬೆಳಿಗ್ಗೆ ಆರೂಮುಕ್ಕಾಲಿಗೆ ಹುಟ್ಟುತ್ತಾನೆ. ಜೂನ್ ಕೊನೆಗೆ ಏಳರ ಹೊತ್ತಿಗೆ ಮುಳುಗಿ ಆರರೊಳಗೆ ಹುಟ್ಟುತ್ತಾನೆ. ಅಂದರೆ ಚಳಿಗಾಲದ ರಾತ್ರಿ ಬೇಸಿಗೆ ರಾತ್ರಿಗಿಂತ ಎರಡು ತಾಸಿನಷ್ಟು ಉದ್ದ. ಒಂದೇ ಟೈಮಿಗೆ ಇಟ್ಟ ಟೈಮರ್ ಒಂದು ಕಾಲದಲ್ಲಿ ಕತ್ತಲು ಬಿಡುತ್ತೆ, ಇನ್ನೊಂದು ಕಾಲದಲ್ಲಿ ಹಗಲು ಉರಿಸುತ್ತೆ. ಅದಕ್ಕೇ ಊರಿನ ಅಕ್ಷಾಂಶ, ರೇಖಾಂಶ ಹಾಕಿದರೆ ದಿನದಿನದ ಸೂರ್ಯೋದಯ, ಸೂರ್ಯಾಸ್ತ ತಾನೇ ಲೆಕ್ಕ ಹಾಕೋ ಟೈಮರ್ ಬರುತ್ತೆ. ನಮ್ಮ ಭಾಗಕ್ಕೆ ಉತ್ತರ 15.3, ಪೂರ್ವ 76.5 ಹಾಕಿದರೆ ಸಾಕು. ಸೂರ್ಯ ಮುಳುಗಿ ಕಾಲು ತಾಸಿಗೆ ಹಚ್ಚಿ, ಹುಟ್ಟೋಕೆ ಕಾಲು ತಾಸು ಮುಂಚೆ ಆರಿಸಿದರೆ ವರ್ಷದ ಸರಾಸರಿ ರಾತ್ರಿಗೆ 11.4 ತಾಸು.

2.6 ಕಿಲೋವಾಟ್ 11.4 ತಾಸು ಉರಿದರೆ ತಿಂಗಳಿಗೆ 889 ಯೂನಿಟ್. ಎಂಬತ್ತೂ ದೀಪ ಉರಿದು, ಕೇರಿಯದ್ದೂ ಸೇರಿ.

ಹಾಗಾದರೆ ಬಿಲ್ಲಲ್ಲಿ ಕಾಣೋ ಉಳಿತಾಯ 2,140ರಿಂದ 889 ಕಳೆದರೆ 1,251 ಯೂನಿಟ್. ಯೂನಿಟ್‌ಗೆ ₹7 ಅಂತ ಇಟ್ಟುಕೊಳ್ಳೋಣ. ನಿಮ್ಮ ಲೆಕ್ಕಕ್ಕೆ ನಿಮ್ಮ ಬಿಲ್ಲಲ್ಲಿರೋ ದರ ಹಾಕ್ಕೊಳ್ಳಿ. ತಿಂಗಳಿಗೆ ₹8,757. ಜೆರಾಕ್ಸಿನ ಲೆಕ್ಕದಲ್ಲಿ 2,347ರ ಶೇ. 80, ಅಂದರೆ 1,878 ಯೂನಿಟ್, ₹13,146. ವ್ಯತ್ಯಾಸ ತಿಂಗಳಿಗೆ ₹4,389, ವರ್ಷಕ್ಕೆ ಐವತ್ತೆರಡು ಸಾವಿರದ ಮೇಲೆ. ದೀಪ, ಡಬ್ಬಿ, ಟೈಮರ್ ಎಲ್ಲ ಸೇರಿ ಅಂದಾಜು ₹1,77,000 ಅಂತ ಬರೆದಿದ್ದರು. ಅವರ ಪ್ರಕಾರ ಹದಿಮೂರೂವರೆ ತಿಂಗಳಿಗೆ ದುಡ್ಡು ವಾಪಸ್. ನನ್ನ ಲೆಕ್ಕದಲ್ಲಿ ಇಪ್ಪತ್ತು ತಿಂಗಳು. ಇಪ್ಪತ್ತು ತಿಂಗಳೂ ಒಳ್ಳೇದೇ. ಯೋಜನೆ ಬೇಡ ಅಂತ ನಾನು ಹೇಳ್ತಿಲ್ಲ.

"ಮತ್ತೆ ತಕರಾರು ಯಾಕೆ ಅಣ್ಣ?" ಅಂತ ಹುಡುಗರೂ ಕೇಳಿದರು. ಎರಡು ಕಾರಣ ಹೇಳಿದೆ.

ಮೊದಲನೇದು, ಗುತ್ತಿಗೆದಾರರಿಗೆ "ಉಳಿತಾಯದಲ್ಲಿ ಪಾಲು" ಕೊಡೋ ಕರಾರು ಇತ್ತು. ಪಾಲು ಯಾವ ಉಳಿತಾಯದ ಮೇಲೆ, ಮೀಟರಿನದಾ ಕಾಗದದ್ದಾ? ಕಾಗದದ ಮೇಲೆ ಅಂದರೆ ಬಾರದ ಉಳಿತಾಯಕ್ಕೂ ದುಡ್ಡು ಕಟ್ಟಬೇಕು.

ಎರಡನೇದು ನನ್ನ ನಿದ್ದೆ ಕೆಡಿಸಿದ್ದು. ಶೇ. 80 ಅಂತ ಹೇಳಿ ಶೇ. 58 ಬಂದರೆ, ಆರು ತಿಂಗಳಿಗೆ ಯಾರೋ ಮೀಟಿಂಗಲ್ಲಿ ಕೇಳ್ತಾರೆ, "ಯಾಕೆ ಕಮ್ಮಿ ಆಗಿಲ್ಲ?" ಆಗ ಕಮ್ಮಿ ಮಾಡೋಕೆ ಸುಲಭದ ದಾರಿ ಯಾವುದು? ದೀಪ ಆರಿಸೋದು. ಯಾರ ದೀಪ? ಅದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಮೊದಲೇ ಕಾಗದದ ಮೇಲೆ ಬರೆಸಬೇಕು: ಕೆಟ್ಟಿರೋ 24 ದೀಪಾನೂ ಉರಿಸಿ, ಈಗಿನ ಹಾಗೇ 14 ತಾಸು ಬಿಟ್ಟರೆ ಹಳೇ ವ್ಯವಸ್ಥೆ ತಿನ್ನೋದು 2,738 ಯೂನಿಟ್. ಅದಕ್ಕೆ ಹೋಲಿಸಿದರೆ ಹೊಸದು ಉಳಿಸೋದು 1,849 ಯೂನಿಟ್. ಇದರಲ್ಲಿ ಸುಮಾರು 600 ಯೂನಿಟ್ ದುಡ್ಡಾಗಿ ವಾಪಸ್ ಬರಲ್ಲ, ಬೆಳಕಾಗಿ ಬರುತ್ತೆ. ಇಷ್ಟು ದಿನ ಇಲ್ಲದ ಬೆಳಕು, ಕೇರಿಗೆ. ಅದನ್ನ "ನಷ್ಟ" ಅಂತ ಬರೀಬಾರದು, ಬಾಕಿ ತೀರಿಸಿದ್ದು ಅಂತ ಬರೀಬೇಕು.

ಜೆರಾಕ್ಸಿನ ಕೊನೇ ಪುಟದಲ್ಲಿ ಇನ್ನೊಂದು ಸಾಲಿತ್ತು. "ರಾತ್ರಿ 11ರಿಂದ ಬೆಳಗಿನ 5ರವರೆಗೆ ಅರ್ಧ ದೀಪ ಆರಿಸಿ ಹೆಚ್ಚುವರಿ ಉಳಿತಾಯ." ಲೆಕ್ಕ ಹಾಕಿದೆ. 1.3 ಕಿಲೋವಾಟ್, ಆರು ತಾಸು, ತಿಂಗಳಿಗೆ 234 ಯೂನಿಟ್, ₹1,638. ಕೇರಿಯ ಒಬ್ಬ ಅವ್ವನಿಗೆ ಇದನ್ನ ಓದಿ ಹೇಳಿದೆವು. ಆಯಮ್ಮ ಅಂದಳು, "ನಾವು ಬಾಳಿ ತೋಟಕ್ಕ ನಾಕೂವರಿಗೇ ಹೊಂಡ್ತೀವಪ್ಪ. ಹೆಣ್ಮಕ್ಳು ಬಯಲಿಗೆ ಹೋಗಾದು ಇನ್ನೂ ಮುಂಚೆ. ಅವರು ಎದ್ದಾಗ ಬೆಳಕು, ನಾವು ಎದ್ದಾಗ ಕತ್ತಲು, ಇದ್ಯಾವ ಲೆಕ್ಕ?" ರಾತ್ರಿ 11ಕ್ಕೆ ಊರು ಮಲಗುತ್ತೆ, 5ಕ್ಕೆ ಏಳುತ್ತೆ ಅಂತ ಬರೆದವರಿಗೆ ಯಾರ ಊರು ಗೊತ್ತಿತ್ತೋ ಏನೋ.

ಉಳಿಸಲೇಬೇಕು ಅಂದರೆ ಬೇರೆ ದಾರಿ ಇದೆ. ಮೇನ್ ರೋಡಿನ 70 ವಾಟಿನ 20 ದೀಪಗಳನ್ನ, ಆರಿಸದೆ, ರಾತ್ರಿ 12ರಿಂದ 4ರವರೆಗೆ ಅರ್ಧಕ್ಕೆ ಮಂಕು ಮಾಡೋದು. ಅದಕ್ಕೆ ಆ ಅನುಕೂಲ ಇರೋ ಡ್ರೈವರ್‌ನ ಟೆಂಡರಲ್ಲೇ ಕೇಳಬೇಕು, ಆಮೇಲೆ ಸೇರಿಸೋಕೆ ಆಗಲ್ಲ. ಉಳಿಯೋದು 84 ಯೂನಿಟ್, ಸುಮಾರು ₹588. ಈ ಅಂಕಿ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಟೈಮರ್ ಹಾಕಿದ ಮೇಲೂ ಕಣ್ಣಿಡಬೇಕು. ಡಬ್ಬಿಯಲ್ಲಿ ಆಟೋ, ಮ್ಯಾನುವಲ್ ಅಂತ ಒಂದು ಸ್ವಿಚ್ಚಿರುತ್ತೆ. ರಿಪೇರಿಗೆ ಬಂದವರು ಮ್ಯಾನುವಲ್‌ಗೆ ತಿರುಗಿಸಿ ಹಂಗೇ ಹೋಗಿಬಿಟ್ಟರೆ ಟೈಮರ್ ಇದ್ದೂ ಇಲ್ಲದ ಹಂಗೆ. ಬ್ಯಾಟರಿ ಸತ್ತ ಟೈಮರ್ ಆದರೆ ಕರೆಂಟು ಎರಡು ತಾಸು ಹೋದ ದಿನ ದೀಪ ಎರಡು ತಾಸು ತಡವಾಗಿ ಹತ್ತುತ್ತೆ, ಬೆಳಿಗ್ಗೆ ಅಷ್ಟೇ ತಡವಾಗಿ ಆರುತ್ತೆ. ಅದೇ ಗುರುತು. ಒಳಗಿನ ಕಾಂಟಾಕ್ಟರ್ ಅಂಟಿಕೊಂಡರೆ ಹಗಲೂ ರಾತ್ರಿ ಉರಿಯುತ್ತೆ. ಇವಕ್ಕೆಲ್ಲ ಒಂದೇ ಪರೀಕ್ಷೆ: ಬೆಳಿಗ್ಗೆ 10ಕ್ಕೊಂದು, ಸಂಜೆ 4ಕ್ಕೊಂದು ರೀಡಿಂಗ್ ಫೋಟೋ ತೆಗೀರಿ. ಬೀದಿ ದೀಪಕ್ಕೇ ಇರೋ ಮೀಟರ್ ಆದರೆ ನಡುವೆ ಅಂಕಿ ಹೆಚ್ಚುಕಮ್ಮಿ ಅಲುಗಾಡಬಾರದು. ಅಲುಗಾಡಿದರೆ ಹಗಲು ಏನೋ ಉರೀತಿದೆ.

ಇನ್ನೊಂದು ಮಾತು ಬಿಲ್ಲಿನ ಬಗ್ಗೆ. ಯೂನಿಟ್ ಶುಲ್ಕದ ಜೊತೆ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕವೂ ಇರುತ್ತೆ. ಲೋಡು ಆರೂವರೆಯಿಂದ ಎರಡೂವರೆಗೆ ಇಳಿದ ಮೇಲೆ ಅರ್ಜಿ ಕೊಟ್ಟು ಮಂಜೂರಾತಿ ಲೋಡನ್ನೂ ಇಳಿಸಿಕೊಳ್ಳಬೇಕು. ಅದು ತಾನಾಗೇ ಇಳಿಯಲ್ಲ. ಎಲ್‌ಇಡಿ ಬೀದಿ ದೀಪಕ್ಕೆ ದರಪಟ್ಟಿಯಲ್ಲಿ ರಿಯಾಯಿತಿ ಇದ್ದರೆ ಅದಕ್ಕೂ ಅರ್ಜಿಯಲ್ಲೇ ಕೇಳ್ರಿ.

ಇಷ್ಟೆಲ್ಲ ಮುಗಿಸಿ ಹೊರಡುವಾಗ ಹುಡುಗರು ಕೇರಿಯ ಹಿಂದಿನ ಹೊಸ ಕಾಲೋನಿಗೆ ಕರ್ಕೊಂಡು ಹೋದರು. ಎಂಟು ಕಂಬ. ಕಂಬಕ್ಕೆ ಮನೆಗಳ ತಂತಿ ಇದೆ, ಬೀದಿ ದೀಪದ ತಂತಿ ಇಲ್ಲ. ಆ ಐದನೇ ತಂತಿ ಕೇರಿಯ ಕೊನೇ ಕಂಬಕ್ಕೇ ನಿಂತಿದೆ. ಟೈಮರ್ ಆಡಿಸೋದು ಆ ತಂತಿಯನ್ನ ಮಾತ್ರ. ಹಂಗಾಗಿ ಈ ಎಂಟು ಕಂಬ ಟೈಮರಿಗೂ ಸೇರಿಲ್ಲ, ಮೀಟರಿಗೂ ಸೇರಿಲ್ಲ, ಜೆರಾಕ್ಸಿಗೂ ಸೇರಿಲ್ಲ. ಎಲ್‌ಇಡಿ ಬದಲಾವಣೆ ಅಂದರೆ ಇದ್ದ ದೀಪ ಬದಲಾಯಿಸೋದು. ಇಲ್ಲದ ದೀಪಕ್ಕೆ ಬದಲಾವಣೆ ಎಲ್ಲಿಂದ ಬರಬೇಕು? ಕೇಳಿದ್ದಕ್ಕೆ "ಅದಕ್ಕೆ ಎಸ್‌ಸಿ ಹಣದಲ್ಲಿ ಮಾಡಿಸ್ಕೊಳ್ರಿ" ಅಂದರಂತೆ. ಮೇನ್ ರೋಡಿಗೆ ಸಾಮಾನ್ಯ ನಿಧಿ, ಕೇರಿಗೆ ಮಾತ್ರ ಮೀಸಲು ನಿಧಿ. ಬೀದಿ ದೀಪದಲ್ಲೂ ಎರಡು ಲೋಟ.

ಅಲ್ಲೇ ಬೈಕಿನ ಮೇಲೆ ನೋಟ್‌ಬುಕ್ ಇಟ್ಟು ಲೆಕ್ಕ ಹಾಕಿದೆ. ಎಂಟು ಕಂಬ, 20 ವಾಟ್, 160 ವಾಟ್. 11.4 ತಾಸು, 30 ದಿನ. ತಿಂಗಳಿಗೆ 55 ಯೂನಿಟ್. ದುಡ್ಡಲ್ಲಿ ₹383. ಮೇನ್ ರೋಡನ್ನ ಮಧ್ಯರಾತ್ರಿ ನಾಲ್ಕು ತಾಸು ಮಂಕು ಮಾಡಿದರೆ ಉಳಿಯೋದು ₹588 ಅಂದಿದ್ದೆನಲ್ಲ. ಅದರಲ್ಲೇ ಎಂಟೂ ಕಂಬ ರಾತ್ರಿಯಿಡೀ ಉರಿದು ಇನ್ನೂ ₹200 ಮಿಗುತ್ತೆ. ತಂತಿ ಎಳೆಯೋ ಖರ್ಚು ಬೇರೆ, ಅದು ಒಂದೇ ಸಲದ್ದು.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ವಿಷಯವನ್ನೂ ನೋಡಿಕೊಂಡವರು. ವಿದ್ಯುತ್ ಅನ್ನೋದು ನಮ್ಮ ಚಳವಳಿಗೆ ಹೊರಗಿನ ವಿಷಯ ಅಲ್ಲ ಅನ್ನೋದಕ್ಕೆ ಇಷ್ಟು ಸಾಕು.

ಹುಡುಗರು ಈಗ ಮನವಿ ಬರೆದಿದ್ದಾರೆ. ನಾಲ್ಕೇ ಬೇಡಿಕೆ. ಮೂಲ ಲೆಕ್ಕದಲ್ಲಿ ಉರಿಯೋ ದೀಪ, ಕೆಟ್ಟ ದೀಪ, ನಿಜವಾದ ತಾಸು ಮೂರನ್ನೂ ಬೇರೆ ಬೇರೆ ಬರೀಬೇಕು. ಗುತ್ತಿಗೆದಾರರ ಪಾಲು ಮೀಟರ್ ಮೇಲೆ, ಅದೂ ಎಲ್ಲ ದೀಪ ಉರೀತಿದ್ದರೆ ಮಾತ್ರ. ಅರ್ಧ ದೀಪ ಆರಿಸೋ ಸಾಲು ತೆಗೀಬೇಕು. ಐದನೇ ತಂತಿ ಎಂಟು ಕಂಬಕ್ಕೂ ಬರಬೇಕು.

ಮುಂದಿನ ಗ್ರಾಮಸಭೆಗೆ ನಾನೂ ಹೋಗ್ತಿದೀನಿ. ನಿಮ್ಮೂರಲ್ಲೂ ಇಂಥ ಯೋಜನೆ ಬಂದಿದ್ದರೆ, ಸಹಿ ಬೀಳೋ ಮುಂಚೆ ಒಂದು ರಾತ್ರಿ ಟಾರ್ಚ್ ಹಿಡಿದು ಕಂಬ ಎಣಿಸಿ, ಒಂದು ತಾಸು ಮೀಟರ್ ನೋಡಿ. ಸಿಕ್ಕ ಅಂಕಿ ಕಾಮೆಂಟಲ್ಲಿ ಹಾಕ್ರಿ, ಕೂತು ಲೆಕ್ಕ ಮಾಡೋಣ.

ಜೈ ಭೀಮ್.